ಸಹಾಯ ಬೇಕು: ವಾರ್ಷಿಕ ವರದಿಯ ಆಡಳಿತ ಮಂಡಳಿ ವಿಶ್ಲೇಷಣೆ ಭಾಗ ಪರಿಶೀಲಿಸುವುದು ಹೇಗೆ?

ನಮಸ್ಕಾರ ಎಲ್ಲರಿಗೂ. ಒಂದು ಲಿಸ್ಟೆಡ್ ಕಂಪನಿಯ ವಾರ್ಷಿಕ ವರದಿಯಲ್ಲಿ ಮ್ಯಾನೇಜ್‌ಮೆಂಟ್ ಡಿಸ್ಕಷನ್ ಭಾಗದ ಕರಡು ನೋಡುತ್ತಿದ್ದೇನೆ. ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಧಾಟಿ. "ಅಭೂತಪೂರ್ವ ಬೆಳವಣಿಗೆ" ಅಂತ ಬರೆದಿದ್ದಾರೆ. ಮಾರಾಟ 200 ಕೋಟಿಯಿಂದ 224 ಕೋಟಿಗೆ ಏರಿದೆ, ಅಂದರೆ 12%. ಆದರೆ ಗ್ರಾಹಕರಿಂದ ಬರಬೇಕಾದ ಬಾಕಿ 40 ಕೋಟಿಯಿಂದ 63 ಕೋಟಿಗೆ ಹೋಗಿದೆ. ವರ್ಷದ ಕೊನೆಯ ಬಾಕಿ ಹಿಡಿದು ಲೆಕ್ಕ ಹಾಕಿದರೆ ಡೆಟರ್ಸ್ ಟರ್ನೋವರ್ 5ರಿಂದ ಸುಮಾರು 3.56ಕ್ಕೆ, ಹತ್ತಿರ ಹತ್ತಿರ 29% ಇಳಿದಿದೆ. ಸೆಬಿ ನಿಯಮದ ಪ್ರಕಾರ ಮುಖ್ಯ ಅನುಪಾತ 25% ಅಥವಾ ಜಾಸ್ತಿ ಬದಲಾದರೆ ಕಾರಣ ಕೊಡಲೇಬೇಕು, ಅಲ್ವಾ? ಕರಡಿನಲ್ಲಿ ಅದರ ಸುದ್ದಿಯೇ ಇಲ್ಲ. ನನಗೆ ವಿಶೇಷಣಕ್ಕಿಂತ ಈ ಮೌನವೇ ದೊಡ್ಡ ದೋಷ ಅನ್ನಿಸುತ್ತದೆ.

ಎರಡನೆಯದು: "ಹೊಸ ಘಟಕದಿಂದ ಮುಂದಿನ ವರ್ಷ ಮಾರಾಟ ಖಂಡಿತ ದುಪ್ಪಟ್ಟಾಗುತ್ತದೆ." ಆ ಘಟಕ ಬ್ಯಾಲೆನ್ಸ್ ಶೀಟಿನಲ್ಲಿ ಇನ್ನೂ ನಿರ್ಮಾಣ ಹಂತದ ಆಸ್ತಿ. ಕೈಯಲ್ಲಿರುವ ಆರ್ಡರ್ 90 ಕೋಟಿ ಮಾತ್ರ. ಇದನ್ನು ನಾನು ಹೀಗೆ ತಿದ್ದಿದ್ದೇನೆ: "ಘಟಕ ಪೂರ್ಣಗೊಂಡು ಅನುಮತಿಗಳು ಸಿಕ್ಕರೆ ಉತ್ಪಾದನೆ ಶುರುವಾಗಬಹುದು, ಸದ್ಯದ ಆರ್ಡರ್ 90 ಕೋಟಿ."

ಕೊನೆಗೆ "ವಾಸ್ತವ ಫಲಿತಾಂಶ ಬೇರೆ ಇರಬಹುದು" ಎಂಬ ಎಚ್ಚರಿಕೆ ಇದೆಯಲ್ಲ, ಸಾಕು ಅಂತಾರೆ ಫೈನಾನ್ಸ್‌ನವರು. ಆಧಾರವೇ ಇಲ್ಲದ ಮಾತಿಗೆ ಅದು ರಕ್ಷಣೆ ಆಗಲ್ಲ ಅನ್ನೋದು ನನ್ನ ವಾದ. ಇಂಥ ಕಡೆ ನೀವು ಯಾವ ದಾಖಲೆ ಕೇಳುತ್ತೀರಿ? ಬೋರ್ಡ್ ಒಪ್ಪಿದ ಬಜೆಟ್ ಒಂದೇ ಸಾಕಾ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.