ಮನೆಯ ಮೆಯೊನೀಸ್ ಮೂರೇ ದಿನಕ್ಕೆ ಕೆಟ್ಟಿತು, ಯಾಕೆ?

ಬೈತಖೋಲ್ ಮನೆ:
ಕಾರವಾರದಲ್ಲಿದ್ದೇವೆ. ಭಾನುವಾರ ಸಿಗಡಿ ಫ್ರೈಗೆ ಅಂತ ಮೆಯೊನೀಸ್ ಮಾಡಿದೆ. ಒಂದು ಇಡೀ ಹಸಿ ಮೊಟ್ಟೆ, ಒಂದು ಲೋಟ ಎಣ್ಣೆ, ಅರ್ಧ ಲಿಂಬೆ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಕೊತ್ತಂಬರಿ. ಬಾಟಲಿಯನ್ನು ಫ್ರಿಜ್ ಬಾಗಿಲಲ್ಲಿಟ್ಟೆ. ಸೋಮವಾರ ಮಳೆಗೆ ಐದು ತಾಸು ಕರೆಂಟ್ ಇರಲಿಲ್ಲ. ಬುಧವಾರ ಮುಚ್ಚಳ ತಿರುಗಿಸಿದರೆ ಟುಸ್ ಅಂತು, ಅಂಚಲ್ಲಿ ಗುಳ್ಳೆ. ಅಂಗಡಿಯದು ತಿಂಗಳುಗಟ್ಟಲೆ ಇರುತ್ತದಲ್ವಾ?

ಮಾಜಾಳಿ ಮಾಮ:
ಲಿಂಬೆ ಕಮ್ಮಿ ಆಗಿದೆ, ಅಷ್ಟೇ. ಹುಳಿ ಜಾಸ್ತಿ ಹಾಕಿ, ಹೊರಗಿಟ್ಟರೂ ಏನೂ ಆಗಲ್ಲ.

ಶಿರಸಿ ಅಡಿಕೆಮನೆ:
ನಮ್ಮದೂ ಒಡೆದು ಎಣ್ಣೆ ಬೇರೆ, ನೀರು ಬೇರೆ ಆಗಿತ್ತು! ಆದರೆ ನಾವು ಮೊಟ್ಟೆ ಹಾಕಲ್ಲ, ಹಾಲಿನಲ್ಲೇ ಮಾಡೋದು.

ಕುಮಟಾ ಕಿಚನ್:
ಅಡಿಕೆಮನೆಯವರೇ, ಒಡೆಯೋದು ಬೇರೆ, ಕೆಡೋದು ಬೇರೆ. ಅಕ್ಕನದ್ದು ಕೆಟ್ಟಿದ್ದು.

ಮಾಮ ಹೇಳಿದ್ದು ಅರ್ಧ ಸರಿ. ಮೆಯೊನೀಸ್‌ನಲ್ಲಿ ಮುಕ್ಕಾಲು ಪಾಲು ಎಣ್ಣೆ. ಕ್ರಿಮಿ ಬೆಳೆಯೋದು ಉಳಿದ ಚೂರು ನೀರಿನಲ್ಲಿ, ಹುಳಿ ಕಾಯೋದೂ ಅಲ್ಲೇ. ಮೊಟ್ಟೆಯ ಬಿಳಿ ಭಾಗ ಬರೀ ನೀರು, ಅದಕ್ಕೆ ಹುಳಿಯನ್ನು ಸಪ್ಪೆ ಮಾಡುವ ಗುಣವೂ ಇದೆ. ಕೊತ್ತಂಬರಿ ಮತ್ತಷ್ಟು ನೀರು ಬಿಡುತ್ತದೆ, ಜೊತೆಗೆ ಮಣ್ಣಿನ ಕ್ರಿಮಿ ತರುತ್ತದೆ. ಅರ್ಧ ಲಿಂಬೆ ಎಷ್ಟನ್ನು ತಡೆಯುತ್ತೆ? ಅದರ ಮೇಲೆ ಫ್ರಿಜ್‌ನ ಬಾಗಿಲು, ಅಲ್ಲೇ ಬಿಸಿ ಜಾಸ್ತಿ. ಮುಚ್ಚಿಟ್ಟ ಫ್ರಿಜ್ ಕರೆಂಟಿಲ್ಲದೆ ನಾಲ್ಕು ತಾಸು ತಂಪು ಹಿಡಿಯಬಹುದು, ಐದಕ್ಕೆ ಹೋಯ್ತು.

ಅಂಗಡಿಯವರು ಬಿಸಿ ಮಾಡಿ ಕ್ರಿಮಿ ಕೊಂದ ಮೊಟ್ಟೆ ಬಳಸುತ್ತಾರೆ, ಹುಳಿಯನ್ನು ಅಳೆದೇ ಹಾಕುತ್ತಾರೆ.

ನಾನು ಹಳದಿ ಮಾತ್ರ ಬಳಸ್ತೇನೆ. ಒಂದು ಹಳದಿಗೆ ಒಂದು ದೊಡ್ಡ ಚಮಚ ವಿನೆಗರ್, ಒಂದು ಚಮಚ ನೀರು. ಕುದಿವ ನೀರಿನ ಮೇಲೆ ಪಾತ್ರೆ ಇಟ್ಟು ಕಡೆಯುತ್ತಾ 71 ಡಿಗ್ರಿ ತಲುಪಿಸಿ, ತಕ್ಷಣ ತಣ್ಣೀರಲ್ಲಿಟ್ಟು ಆರಿಸಿ, ಆಮೇಲೆ ಎಣ್ಣೆ. ಥರ್ಮಾಮೀಟರ್ ಇಲ್ಲದೆ ಮಾಡಬೇಡಿ, ಮೊಟ್ಟೆ ಗಂಟಾಗುತ್ತೆ. ಸೊಪ್ಪು, ಬೆಳ್ಳುಳ್ಳಿ ತಿನ್ನೋ ಹೊತ್ತಿಗೆ ಅಷ್ಟಕ್ಕೇ ಕಲಸಿ.

ಹಸಿ ಮೊಟ್ಟೆಯದಾದರೆ ಒಳಗಿನ ತಟ್ಟೆಯಲ್ಲಿ, 4 ಡಿಗ್ರಿಯೊಳಗೆ, ಮೂರರಿಂದ ನಾಲ್ಕು ದಿನ. ಮೇಜಿನ ಮೇಲೆ ಎರಡು ತಾಸು, ನಮ್ಮ ಏಪ್ರಿಲ್ ಸೆಕೆಯಲ್ಲಿ ಒಂದೇ. ಇನ್ನೊಂದು, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಕ್ರಿಮಿಗೆ ವಾಸನೆ ಇಲ್ಲ. ಗುಳ್ಳೆ ಬರದಿದ್ದರೂ ಇರಬಹುದು. ಕೇರಳದಲ್ಲಿ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮೆಯೊನೀಸ್ ನಿಷೇಧಿಸಿದ್ದು ಸುಮ್ನೆ ಅಲ್ಲ.

ಮಾಜಾಳಿ ಮಾಮ:
ಆದರೆ ಹುಳಿ ಇದ್ದರೆ ಹೊರಗೇ ಕ್ರಿಮಿ ಬೇಗ ಸಾಯುತ್ತೆ ಅಂತ ಓದಿದ್ದೆ ಮಾರಾಯ್ರೆ.

ಕುಮಟಾ ಕಿಚನ್:
ಅದು ನಿಜವೇ. ತಂಪಿನಲ್ಲಿ ಹುಳಿಯ ಕೆಲಸವೂ ನಿಧಾನ. ಆದರೆ ಅದು ಹುಳಿ ಅಳೆದು ಮಾಡುವವರ ಲೆಕ್ಕ. ಲಿಂಬೆ ಹಿಂಡಿ ಅಂದಾಜಿಗೆ ಮಾಡಿದ್ದನ್ನು ನಾನಂತೂ ಹೊರಗಿಡಲ್ಲ.

ಬೈತಖೋಲ್ ಮನೆ:
ಬಾಟಲಿ ಚೆಲ್ಲಿದೆ. ಥರ್ಮಾಮೀಟರ್ ಕಾರವಾರದಲ್ಲಿ ಎಲ್ಲಿ ಸಿಗುತ್ತೆ? ಮೀನಿನ ಐಸ್ ಪೆಟ್ಟಿಗೆಗೆ ಹಾಕುವ ಥರ್ಮಾಮೀಟರ್ ನಡೀತದಾ?