ಪದಚರ್ಚೆ: ಲ್ಯಾಕ್ಟುಲೋಸ್ ಸಿರಪ್ಪನ್ನು "ಭೇದಿ ಔಷಧ" ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಕ್ಲಿನಿಕ್‌ಗೆ ಒಂದು ಚೀಟಿ ಬರೆದುಕೊಡಬೇಕಾಗಿದೆ, ವಯಸ್ಸಾದವರು ಓದುವಂಥದ್ದು, ದೊಡ್ಡ ಅಕ್ಷರದಲ್ಲಿ. ಮಲಬದ್ಧತೆಗೆ ಕೊಡುವ ಲ್ಯಾಕ್ಟುಲೋಸ್ ಸಿರಪ್ ತಗೊಳ್ಳೋದು ಹೇಗೆ ಅಂತ. ನಿಘಂಟು ತೆಗೆದರೆ ಇಂಥ ಔಷಧಕ್ಕೆಲ್ಲ ಭೇದಿ ಔಷಧ, ವಿರೇಚಕ ಅಂತಲೇ ಇದೆ. ನನಗೆ ಅದು ಸರಿ ಕಾಣುತ್ತಿಲ್ಲ. ಯಾಕೆ ಅಂದರೆ ನಮ್ಮ ಪಕ್ಕದ ಮನೆಯ ಅಜ್ಜಿಗೆ ಡಾಕ್ಟರು ರಾತ್ರಿ 15 ಎಂ.ಎಲ್. ಅಂತ ಬರೆದಿದ್ದರು. ಭೇದಿ ಔಷಧ ಅಂದಮೇಲೆ ಬೆಳಿಗ್ಗೆ ಹೊಟ್ಟೆ ಖಾಲಿ ಆಗಬೇಕಲ್ವಾ? ಆಗಲಿಲ್ಲ. ಬೆಳಿಗ್ಗೆ ಇನ್ನೊಂದು ಮುಚ್ಚಳ ಕುಡಿದರು, ರಾತ್ರಿ ಎರಡು. ಮೂರನೇ ದಿನ ನೀರು ನೀರಾಗಿ ಹೋಯಿತು, ಹೊಟ್ಟೆ ಉಬ್ಬರ, ನೋವು, ಬಾಟಲಿ ಕಸದ ಬುಟ್ಟಿಗೆ.

ಇದಕ್ಕೆ ಬೇರೆ ಪದ ಇದೆಯಾ? ಜೊತೆಗೆ, ಹೊಟ್ಟೆಯಲ್ಲಿ ಹಿಂಡಿ ಹಿಂಡಿ ಬರುವ ನೋವಿಗೆ "ಸೆಳೆತ" ಅಂತ ಬರೆದರೆ ಸರೀನಾ?

ಉತ್ತರ (ಮೈಸೂರು)

ಸೆಳೆತಕ್ಕೆ ರಾತ್ರಿ ಮಲಗುವ ಮುಂಚೆ ಮೀನಖಂಡ ನೀವಿಕೊಂಡು ಕಾಲು ಚಾಚಿದರೆ ಆರಾಮ ಆಗುತ್ತೆ. ನನಗೂ ಬರ್ತಿತ್ತು.

ಉತ್ತರ (ಶಿವಮೊಗ್ಗ, ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್)

ಮೈಸೂರಿನವರ ಉತ್ತರ ನೋಡಿದ್ರಲ್ಲ, ಸೆಳೆತ ಅಂದರೆ ಜನ ಕಾಲು ಹಿಡ್ಕೊಳ್ಳೋದೇ ನೆನೆಸಿಕೊಳ್ತಾರೆ. ನಮ್ಮ ಅಂಗಡಿಗೆ ಬರುವವರು "ಹೊಟ್ಟೆ ನುಲೀತಿದೆ", "ಹೊಟ್ಟೆ ಮುರೀತಿದೆ" ಅಂತಾರೆ. ಅದನ್ನೇ ಬರೆಯಿರಿ.

ಭೇದಿ ಔಷಧ ಖಂಡಿತ ಬೇಡ. ಆ ಹೆಸರು ಕೇಳಿದವರಿಗೆ ಹರಳೆಣ್ಣೆ ನೆನಪಾಗುತ್ತೆ, ಕುಡಿದ ದಿನವೇ ಕೆಲಸ ಆಗಬೇಕು ಅಂತ ಕಾಯ್ತಾರೆ. ಲ್ಯಾಕ್ಟುಲೋಸ್ ಹಾಗಲ್ಲ. ಅದೊಂದು ಥರದ ಸಕ್ಕರೆ, ನಮ್ಮ ಸಣ್ಣ ಕರುಳಿಗೆ ಅದನ್ನು ಅರಗಿಸೋಕೆ ಬರಲ್ಲ. ಹಾಗೇ ದೊಡ್ಡ ಕರುಳಿಗೆ ಹೋಗುತ್ತೆ. ಅಲ್ಲಿ ನೀರು ಎಳೆದುಕೊಂಡು ಮಲವನ್ನು ಮೆದು ಮಾಡುತ್ತೆ, ಅಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸುತ್ತೆ. ಗ್ಯಾಸ್ ಬರೋದು ಈ ಹುಳಿ ಬರೋದ್ರಿಂದಲೇ. ಇಷ್ಟೆಲ್ಲ ಆಗೋಕೆ ಒಂದೆರಡು ದಿನ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಜ್ಜಿ ಮೊದಲ ಮುಚ್ಚಳದ ಕೆಲಸ ಶುರುವಾಗೋ ಮುಂಚೆಯೇ ಮತ್ತೆ ಮೂರು ಸುರಿದಿದ್ದಾರೆ. ಎಲ್ಲ ಸೇರಿ ಒಟ್ಟಿಗೆ ಬಂತು.

"ಮಲ ಮೆದು ಮಾಡುವ ಸಿರಪ್" ಅಂತ ಬರೆಯಿರಿ, ಕೆಳಗೇ "ಎರಡು ದಿನ ಕಾಯಿರಿ, ಮೇಲಿಂದ ಮೇಲೆ ಕುಡಿಯಬೇಡಿ" ಅಂತ ದಪ್ಪಕ್ಷರದಲ್ಲಿ.

ಉತ್ತರ (ಬೆಂಗಳೂರು)

ಹೆಸರಲ್ಲೇ ಲ್ಯಾಕ್ಟೋ ಇದೆ, ಅಂದ್ರೆ ಹಾಲಿನ ಸಕ್ಕರೆ. ಹಾಲು ಆಗದವರು, ಶುಗರ್ ಇರೋರು ಮುಟ್ಟಬಾರದು ಅಂತ ಚೀಟಿಯಲ್ಲಿ ಹಾಕಿ.

ಉತ್ತರ (ಶಿವಮೊಗ್ಗ)

ಅರ್ಧ ಸರಿ. ಲ್ಯಾಕ್ಟುಲೋಸ್ ಬೇರೆ, ಹಾಲಿನ ಲ್ಯಾಕ್ಟೋಸ್ ಬೇರೆ. ಆದರೆ ಸಿರಪ್ಪಿನಲ್ಲಿ ಲ್ಯಾಕ್ಟೋಸ್, ಗ್ಯಾಲಕ್ಟೋಸ್ ಸ್ವಲ್ಪ ಉಳಿದಿರುತ್ತೆ. ಅದಕ್ಕೇ ಶುಗರ್ ಇರೋರು ಡಾಕ್ಟರಿಗೆ ಹೇಳಿ ತಗೋಬೇಕು, ಮುಟ್ಟಲೇಬಾರದು ಅಂತೇನಿಲ್ಲ. ಹುಟ್ಟಿನಿಂದಲೇ ಗ್ಯಾಲಕ್ಟೋಸ್ ಆಗದ ಅಪರೂಪದ ಕಾಯಿಲೆ ಇದ್ದವರಿಗೆ ಮಾತ್ರ ಪೂರ್ತಿ ಬೇಡ.

ಉತ್ತರ (ಹಾವೇರಿ)

ನಮ್ಮ ಮಾವನವರಿಗೆ ಲಿವರ್ ತೊಂದರೆ, ಇದೇ ಸಿರಪ್ಪು. ಅವರಿಗೆ ದಿನಕ್ಕೆ ಮೂರು ಸಲ, 30 ಎಂ.ಎಲ್.! ಎರಡು ಮೂರು ಸಲ ಹೋಗಲೇಬೇಕು ಅಂದಿದ್ದಾರೆ. ಅಜ್ಜಿ ಕುಡಿದದ್ದು ಜಾಸ್ತಿ ಏನಲ್ಲ ಬಿಡಿ. ಅಂದಹಾಗೆ ನಮ್ಮ ಕಡೆ ನುಲಿತ ಅನ್ನಲ್ಲ, "ಹೊಟ್ಟಿ ಕಡೀತೈತಿ" ಅಂತೀವಿ.

ಉತ್ತರ (ಶಿವಮೊಗ್ಗ)

ಅಕ್ಕಾ, ಬಾಟಲಿ ಒಂದೇ, ಕೆಲಸ ಬೇರೆ. ಲಿವರ್ ಕೆಟ್ಟಾಗ ಅಮೋನಿಯಾ ಮೆದುಳಿಗೆ ಏರದ ಹಾಗೆ ಅಷ್ಟು ಕೊಡೋದು. ಅವರದನ್ನು ನೀವೇ ಕಡಿಮೆ ಮಾಡಬೇಡಿ. ಮಲಬದ್ಧತೆಗೆ ದಿನಕ್ಕೊಮ್ಮೆ ಮೆತ್ತಗೆ, ತಿಣುಕದೆ ಆದರೆ ಸಾಕು.

ಅಜ್ಜಿ ಈಗ ಮಾಡಬೇಕಾದ್ದು: ನೀರಾಗಿ ಹೋಗೋದು ನಿಲ್ಲುವ ತನಕ ಸಿರಪ್ ಬಂದ್, ನೀರು, ಮಜ್ಜಿಗೆ, ಗಂಜಿ ಕುಡೀತಾ ಇರಲಿ. ಆಮೇಲೆ ಡಾಕ್ಟರನ್ನು ಕೇಳಿ 10 ಎಂ.ಎಲ್.ನಿಂದ ಶುರು ಮಾಡಬಹುದು, ಎರಡು ಮೂರು ದಿನ ಅಷ್ಟೇ ಇಟ್ಟು ನೋಡೋದು. ಗಟ್ಟಿ ಇದ್ದರೆ 5 ಎಂ.ಎಲ್. ಏರಿಸೋದು, ತೆಳ್ಳಗಾದರೆ ಅಷ್ಟೇ ಇಳಿಸೋದು. ಅಳತೆ ಮುಚ್ಚಳದ ಗೆರೆ ನೋಡಿ ಹಾಕಬೇಕು, ಅಡುಗೆಮನೆ ಚಮಚ ಬೇಡ. ರಾತ್ರಿ ಕುಡಿದು ಗ್ಯಾಸಿನಿಂದ ನಿದ್ದೆ ಕೆಡೋದಾದರೆ ಬೆಳಿಗ್ಗೆ ತಿಂಡಿ ಆದಮೇಲೆ ಕುಡಿಯಲಿ, ಹೊತ್ತು ಯಾವುದಾದರೂ ಸರಿ, ದಿನಾ ಅದೇ ಹೊತ್ತಾಗಿರಲಿ. ಉಬ್ಬರ ಸಾಮಾನ್ಯವಾಗಿ ಕೆಲವು ದಿನದಲ್ಲಿ ತಗ್ಗುತ್ತೆ. ಅಲ್ಲೀವರೆಗೆ ರಾತ್ರಿ ಅವರೆಕಾಳು, ಕಡಲೆ ಕಮ್ಮಿ ಮಾಡಲಿ.

ಆದರೆ ಹೊಟ್ಟೆ ಬಿಗಿದು ಗಾಳಿಯೂ ಹೋಗದೆ ವಾಂತಿ ಬಂದರೆ, ಮಲದಲ್ಲಿ ರಕ್ತ ಕಂಡರೆ, ಸಿರಪ್ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ. ಇದನ್ನು ಚೀಟಿಯಲ್ಲಿ ಬಿಡಬೇಡಿ.

ಕೇಳಿದವರು

ಧನ್ಯವಾದ. "ಮಲ ಮೆದು ಮಾಡುವ ಸಿರಪ್" ತಗೊಂಡೆ, ಎರಡು ದಿನದ ಮಾತು ಅದರ ಕೆಳಗೇ. ನೋವಿಗೆ "ಹೊಟ್ಟೆ ನುಲಿತ" ಹಾಕಿದ್ದೇನೆ. ಹಾವೇರಿ ಕಡೆಗೆ "ಕಡಿತ" ಅಂತ ಪಕ್ಕದಲ್ಲಿ ಸೇರಿಸಿದರೆ ಇಲ್ಲಿನವರು ತುರಿಕೆ, ಸೊಳ್ಳೆ ಕಡಿತ ಅಂದ್ಕೊಳ್ಳಬಹುದಾ? ದಕ್ಷಿಣದವರು ಯಾರಾದರೂ ಹೇಳಿ.