ಓಡುವ ಮಗಳಿಗೆ ಐದು ತಿಂಗಳಿಂದ ಮುಟ್ಟಿಲ್ಲ, ವರ್ಷದಲ್ಲಿ ಎರಡು ಸಲ ಎಲುಬಿಗೆ ಬಿರುಕು: ಪ್ರಶ್ನೋತ್ತರ

ಪ್ರಶ್ನೆ (ಹಾಸನದಿಂದ ಒಬ್ಬ ತಾಯಿ): ಮಗಳಿಗೆ 17 ವರ್ಷ. 3000 ಮತ್ತು 5000 ಮೀಟರ್ ಓಡುತ್ತಾಳೆ. ಐದು ತಿಂಗಳಿಂದ ಮುಟ್ಟಾಗಿಲ್ಲ. ಕಳೆದ ವರ್ಷ ಪಾದದ ಎಲುಬಿನಲ್ಲಿ ಬಿರುಕು ಬಂದಿತ್ತು, ಈಗ ಮೊಣಕಾಲಿನ ಕೆಳಗೆ ಮುಂದಿನ ಎಲುಬಿನಲ್ಲಿ. ಊಟ ಬಿಡುವುದಿಲ್ಲ. ತೂಕ 48 ಕಿಲೋ, ವರ್ಷದಿಂದ ಹಾಗೇ ಇದೆ. ಓಡುವ ಹುಡುಗಿಯರಿಗೆ ಇದೆಲ್ಲ ಸಹಜ ಅಂತಾರೆ. ನಿಜಾನಾ?

ಮಾಜಿ ಅಥ್ಲೆಟಿಕ್ಸ್ ಕೋಚ್: ಗಾಬರಿ ಬೇಡ ಅಮ್ಮ. ತರಬೇತಿ ಜೋರಾದಾಗ ಹುಡುಗಿಯರಿಗೆ ಮುಟ್ಟು ಏರುಪೇರಾಗುತ್ತದೆ, ನಾನು ತುಂಬಾ ನೋಡಿದ್ದೇನೆ. ರಕ್ತ ಕಡಿಮೆ ಇರಬಹುದು, ಕಬ್ಬಿಣದ ಮಾತ್ರೆ ಕೊಡಿ. ಲೇಡಿ ಡಾಕ್ಟರ್ ಹತ್ತಿರ ಹೋದರೆ ಮುಟ್ಟು ಬರೋಕೆ ಮಾತ್ರೆ ಕೊಡುತ್ತಾರೆ. ಕಾಲಿಗೆ ಆರು ವಾರ ವಿಶ್ರಾಂತಿ ಸಾಕು.

ಇನ್ನೊಬ್ಬ ಸದಸ್ಯೆ: ನನ್ನ ಮಗಳಿಗೂ ಹೀಗೇ ಆಗಿತ್ತು, ಪಿಸಿಓಡಿ ಅಂದರು. ಸಿಹಿ, ಅನ್ನ ಬಿಡಿಸಿ ತೂಕ ಇಳಿಸಿದೆವು, ಸರಿಹೋಯಿತು. ಅಕ್ಕಾ, ನೀವೂ ಅದೇ ಮಾಡಿ.

ಕ್ರೀಡಾ ಆಹಾರ ತಜ್ಞೆ: ದಯವಿಟ್ಟು ಅನ್ನ ಬಿಡಿಸಬೇಡಿ. ಪಿಸಿಓಡಿಯಲ್ಲೂ ಮುಟ್ಟು ನಿಲ್ಲಬಹುದು, ಆದರೆ ಅಲ್ಲಿ ಕೆಲಸ ಮಾಡಿದ ಸಲಹೆ ಇಲ್ಲಿ ತಿರುಗಿ ಹೊಡೆಯಬಹುದು. ಮುಟ್ಟು ನಿಂತಿದೆ, ಎಲುಬು ಪದೇ ಪದೇ ಬಿರುಕು ಬಿಡುತ್ತಿದೆ. ಈ ಎರಡೂ ಒಟ್ಟಿಗೆ ಬಂದರೆ ನಾನು ಮೊದಲು ಕೇಳುವುದು ತಟ್ಟೆಯನ್ನು. ಅಮ್ಮ, ನಿನ್ನೆ ಬೆಳಗಿನಿಂದ ರಾತ್ರಿವರೆಗೆ ಏನೇನು ತಿಂದಳು, ಎಷ್ಟು ಓಡಿದಳು, ಸುಮ್ನೆ ಇದ್ದ ಹಾಗೆ ಬರೆಯಿರಿ. ಕಾಲು ನೋಯುವ ಮೊದಲಿನ ದಿನದ್ದು ಆದರೆ ಇನ್ನೂ ಒಳ್ಳೆಯದು.

ತಾಯಿ: ಬಿರುಕಿಗೆ ಮೊದಲು ಬೆಳಿಗ್ಗೆ ಐದೂವರೆಗೆ ಒಂದು ಲೋಟ ಟೀ, ಗ್ರೌಂಡಿಗೆ. ಸಂಜೆಯದೂ ಸೇರಿ ದಿನಕ್ಕೆ 12 ಕಿಲೋಮೀಟರ್. ಎಂಟೂವರೆಗೆ ಮೂರು ಇಡ್ಲಿ, ಚಟ್ನಿ. ಮಧ್ಯಾಹ್ನ ಕಾಲೇಜಿಗೆ ಎರಡು ಚಪಾತಿ, ಪಲ್ಯ. ಸಂಜೆ ಬಾಳೆಹಣ್ಣು, ಹಾಲು. ರಾತ್ರಿ ಒಂದು ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ತುಪ್ಪ ಮುಟ್ಟುವುದಿಲ್ಲ. ಹಗುರ ಇದ್ದರೆ ಜೋರಾಗಿ ಓಡಬಹುದು ಅಂತ ಯಾರೋ ಹೇಳಿದ ಮೇಲೆ ಅನ್ನವನ್ನೂ ಬಿಟ್ಟಿದ್ದಾಳೆ.

ಕ್ರೀಡಾ ಆಹಾರ ತಜ್ಞೆ: ನೀವು ಬರೆದದ್ದು ಮನೆ ಊಟ, ಕೆಟ್ಟದ್ದೇನೂ ಇಲ್ಲ. ಆದರೆ ಓಡದ ಹುಡುಗಿಗೂ ಇದು ಕಡಿಮೆಯೇ. ಲೆಕ್ಕ ಹಾಕೋಣ.

ಇಷ್ಟು ಊಟದಲ್ಲಿ ಸುಮಾರು 1400 ಕ್ಯಾಲೊರಿ ಇರುತ್ತದೆ. ಒಂದು ಕಿಲೋಮೀಟರ್ ಓಡಿದರೆ ಮೈತೂಕದ ಪ್ರತಿ ಕಿಲೋಗೆ ಹತ್ತಿರ ಹತ್ತಿರ ಒಂದು ಕ್ಯಾಲೊರಿ ಖರ್ಚು. 48 ಕಿಲೋ, 12 ಕಿಲೋಮೀಟರ್, ಅಂದರೆ 580ರ ಆಸುಪಾಸು. ಉಳಿದದ್ದು 820. ಹೃದಯ, ಮೆದುಳು, ಎಲುಬು, ಮುಟ್ಟಿನ ಹಾರ್ಮೋನು, ಇನ್ನೂ ಬೆಳೆಯುತ್ತಿರುವ ಮೈ, ಎಲ್ಲಕ್ಕೂ ಇಷ್ಟೇ. ಕೊಬ್ಬು ಬಿಟ್ಟರೆ ಇವಳ ಮೈ ಸುಮಾರು 40 ಕಿಲೋ ಅಂದುಕೊಳ್ಳಿ. 820ನ್ನು 40ರಿಂದ ಭಾಗಿಸಿದರೆ ಕಿಲೋಗೆ 20 ಕ್ಯಾಲೊರಿ. ಆರಾಮಾಗಿರಲು 45ರಷ್ಟು ಬೇಕು. 30ಕ್ಕಿಂತ ಕೆಳಗಿಳಿದಾಗ, ಅಂಡಾಶಯಕ್ಕೆ ಸಂದೇಶ ಕೊಡುವ ಹಾರ್ಮೋನಿನ ಮಿಡಿತ ಐದೇ ದಿನದಲ್ಲಿ ಏರುಪೇರಾಗಿದ್ದು ಪ್ರಯೋಗದಲ್ಲಿ ಕಂಡಿದೆ. ಈ 30 ಎಲ್ಲರಿಗೂ ಒಂದೇ ಗೆರೆ ಅಲ್ಲ. ಮನೆಯಲ್ಲಿ ಹಾಕುವ ಲೆಕ್ಕವೂ ಅಂದಾಜು. ಆದರೆ 20 ಅನ್ನುವುದು ಅಂದಾಜಿನ ತಪ್ಪಿಗೆ ಬಿಡುವಂಥದ್ದಲ್ಲ.

ಹಾಗಾದರೆ ತೂಕ ಯಾಕೆ ಇಳಿಯಲಿಲ್ಲ? ದೇಹ ಖರ್ಚು ಕಡಿಮೆ ಮಾಡಿಕೊಂಡಿದೆ. ಮುಟ್ಟು ನಿಲ್ಲಿಸಿತು, ಎಲುಬು ಕಟ್ಟುವ ಕೆಲಸ ನಿಧಾನ ಮಾಡಿತು, ಥೈರಾಯ್ಡ್ ಕೆಲಸವನ್ನೂ ತಗ್ಗಿಸಿರಬಹುದು. ಆದ್ದರಿಂದ ತೂಕದ ಯಂತ್ರ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಕೈಕಾಲು ತಣ್ಣಗಿರುವುದು, ಮಲಬದ್ಧತೆ, ಸಿಡುಕು, ನಿದ್ದೆ ಕೆಡುವುದು, ಎಷ್ಟು ತರಬೇತಿ ಮಾಡಿದರೂ ಸಮಯ ಸುಧಾರಿಸದಿರುವುದು, ಇವು ಇವೆಯಾ ಗಮನಿಸಿ.

ಮಾಜಿ ಅಥ್ಲೆಟಿಕ್ಸ್ ಕೋಚ್: ಲೆಕ್ಕ ಒಪ್ಪಿದೆ ಮೇಡಂ. ಆದರೆ ಮಾತ್ರೆ ಕೊಟ್ಟು ಮುಟ್ಟು ತಂದರೆ ಎಲುಬಿಗೂ ಒಳ್ಳೆಯದಲ್ವಾ?

ಕ್ರೀಡಾ ಆಹಾರ ತಜ್ಞೆ: ಇಲ್ಲ ಸರ್. ಗರ್ಭನಿರೋಧಕ ಮಾತ್ರೆಯಿಂದ ಬರುವ ರಕ್ತಸ್ರಾವ ಮಾತ್ರೆ ನಿಲ್ಲಿಸಿದ್ದರಿಂದ ಬಂದದ್ದು. ಮೈ ಸರಿಹೋಯಿತು ಅಂತ ಅದು ಹೇಳುವುದಿಲ್ಲ, ಎಲುಬನ್ನು ಕಾಪಾಡುವುದೂ ಇಲ್ಲ. ಜೊತೆಗೆ ನಿಜವಾದ ಸೂಚನೆಯನ್ನೇ ಮುಚ್ಚಿಬಿಡುತ್ತದೆ. ಕಬ್ಬಿಣದ ವಿಷಯದಲ್ಲಿ ನೀವು ಹೇಳಿದ್ದು ಅರ್ಧ ಸರಿ. ಓಡುವ ಹುಡುಗಿಯರಲ್ಲಿ ಕೊರತೆ ಸಾಮಾನ್ಯ, ಆದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿದ ಮೇಲೆ ಕೊಡಬೇಕು.

ಅಮ್ಮ, ಮೂರು ತಿಂಗಳು ಮುಟ್ಟು ನಿಂತರೆ ವೈದ್ಯರಿಗೆ ತೋರಿಸಬೇಕು, ನಿಮ್ಮದು ಐದಾಗಿದೆ. ನಾನು ಆಹಾರದವಳು, ರೋಗ ಹೆಸರಿಸುವುದು ಅವರ ಕೆಲಸ. ಗರ್ಭಧಾರಣೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನುಗಳ ತೊಂದರೆ, ಪಿಸಿಓಡಿ, ಇವೆಲ್ಲ ಅಲ್ಲ ಅಂತ ಖಚಿತ ಮಾಡಿಕೊಂಡ ಮೇಲೇ ಶಕ್ತಿಯ ಕೊರತೆ ಅನ್ನಬೇಕು. ವಿಟಮಿನ್ ಡಿ, ಎಲುಬಿನ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಬಗ್ಗೆಯೂ ಕೇಳಿ. ಒಂದು ಎಚ್ಚರಿಕೆ: ಮುಂದೆ ಎಂದಾದರೂ ಓಡುವಾಗ ತೊಡೆಸಂದಿಯಲ್ಲಿ ನೋವು ಅಂದರೆ ಅದೇ ದಿನ ಓಟ ನಿಲ್ಲಿಸಿ ತೋರಿಸಿ. ತೊಡೆ ಎಲುಬಿನ ಕತ್ತಿನ ಬಿರುಕು ಪೂರ್ತಿ ಮುರಿಯಬಹುದು. ಶುರುವಿನ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐ ಬೇಕಾಗುತ್ತದೆ.

ಮೈಸೂರಿನ ಸೈಕ್ಲಿಸ್ಟ್: ನಾನು ಗಂಡಸು, ಆದರೂ ಹೇಳುತ್ತೇನೆ. ಬೆಟ್ಟ ಹತ್ತೋಕೆ ಹಗುರ ಆಗಬೇಕು ಅಂತ ಊಟ ಕಡಿಮೆ ಮಾಡಿದ್ದೆ. ಮೊದಲು ಬೆಳಗಿನ ನಿಮಿರುವಿಕೆ ನಿಂತಿತು, ಆಸಕ್ತಿ ಹೋಯಿತು, ಆಮೇಲೆ ಟೆಸ್ಟೊಸ್ಟಿರಾನ್ ಕಡಿಮೆ ಅಂತ ಬಂತು. ನಮಗೆ ಮುಟ್ಟಿನ ಹಾಗೆ ತಾರೀಖು ಹಾಕಿ ಹೇಳುವ ಸೂಚನೆ ಇಲ್ಲ. ನಮ್ಮ ಕಡೆ ಯಾರೂ ಈ ವಿಷಯ ಬಾಯಿಬಿಟ್ಟು ಹೇಳುವುದೇ ಇಲ್ಲ.

ಕ್ರೀಡಾ ಆಹಾರ ತಜ್ಞೆ: ಹೇಳಿದ್ದು ಒಳ್ಳೆಯದಾಯಿತು. ಗಂಡಸರಲ್ಲೂ ಇದೇ ಆಗುತ್ತದೆ. ಅದಕ್ಕೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಕ್ರೀಡಾಪಟುಗಳ ಈ ಶಕ್ತಿಯ ಕೊರತೆಗೆ ಹಳೆಯ, ಹೆಂಗಸರಿಗೆ ಮಾತ್ರ ಮೀಸಲಾಗಿದ್ದ ಹೆಸರಿನ ಬದಲು ರೆಡ್-ಎಸ್ ಅನ್ನುವ ಹೆಸರು ತಂದರು.

ತಾಯಿ: ಊಟ ಜಾಸ್ತಿ ಮಾಡು ಅಂದರೆ ಹೊಟ್ಟೆ ತುಂಬಿದೆ ಅಂತಾಳೆ. ಸುಳ್ಳು ಹೇಳುತ್ತಿಲ್ಲ ಅನಿಸುತ್ತದೆ.

ಕ್ರೀಡಾ ಆಹಾರ ತಜ್ಞೆ: ಸುಳ್ಳಲ್ಲ. ಮುದ್ದೆ, ಸೊಪ್ಪು ಹೊಟ್ಟೆ ಬೇಗ ತುಂಬಿಸುತ್ತವೆ. ಜೋರಾಗಿ ಓಡಿದ ಮೇಲೆ ಹಸಿವೂ ಸ್ವಲ್ಪ ಹೊತ್ತು ಅಡಗುತ್ತದೆ. ಹಸಿವನ್ನು ನಂಬಿ ಕೂರುವ ಹಾಗಿಲ್ಲ, ಗಡಿಯಾರ ನೋಡಿ ತಿನ್ನಬೇಕು. ಮುದ್ದೆ ಬಿಡಿಸಬೇಡಿ, ಅದರ ಜೊತೆ ಸ್ವಲ್ಪ ಅನ್ನ, ಒಂದು ಚಮಚ ತುಪ್ಪ ಇರಲಿ. ಮತ್ತೆ ತರಬೇತಿ ಶುರುವಾದಾಗ ಗ್ರೌಂಡಿಗೆ ಹೋಗುವ ಮೊದಲು ಬಾಳೆಹಣ್ಣು. ಮುಗಿದ ಅರ್ಧ ಗಂಟೆಯಲ್ಲಿ ಹಾಲು, ಎರಡು ಮೊಟ್ಟೆ. ಮೊಟ್ಟೆ ತಿನ್ನದಿದ್ದರೆ ಹುರಿದ ಶೇಂಗಾ ಒಂದು ಹಿಡಿ. ಕಾಲೇಜಿನ ಬ್ಯಾಗಿನಲ್ಲಿ ಚಿಕ್ಕಿ. ಒಂದೇ ಸಲ ಸಾವಿರ ಕ್ಯಾಲೊರಿ ಏರಿಸಿದರೆ ಹೊಟ್ಟೆ ಉಬ್ಬುತ್ತದೆ, ಅವಳೂ ಹೆದರುತ್ತಾಳೆ. ಮುನ್ನೂರರಿಂದ ಶುರು ಮಾಡಿ, ವಾರ ಕಳೆದು ಮತ್ತಷ್ಟು. ಈಗ ಓಡುತ್ತಿಲ್ಲ ಅಂತ ಊಟ ಕಡಿಮೆ ಮಾಡಲು ಬಿಡಬೇಡಿ. ಮುರಿದ ಎಲುಬು ಕೂಡಲು ಅದೇ ಬೇಕು.

ತಿನ್ನಲು ಹೆದರುತ್ತಾಳಾ, ಒಬ್ಬಳೇ ತಿನ್ನುತ್ತಾಳಾ, ದಿನಕ್ಕೆ ಹಲವು ಸಲ ತೂಕ ನೋಡುತ್ತಾಳಾ, ಅದನ್ನೂ ಗಮನಿಸಿ. ಹಾಗಿದ್ದರೆ ಬರೀ ಊಟದ ಪಟ್ಟಿ ಸಾಲದು, ಮನೋವೈದ್ಯರ ನೆರವೂ ಬೇಕು. ಬೈಯಬೇಡಿ.

ತಾಯಿ: ಇನ್ನು ಎಂಟು ವಾರಕ್ಕೆ ಓಟದ ಒಂದು ಮೀಟ್ ಇದೆ. ಅಷ್ಟರಲ್ಲಿ ಮುಟ್ಟು ಬರುತ್ತಾ? ಎಲುಬು ಮೊದಲಿನ ಹಾಗೆ ಆಗುತ್ತಾ?

ಕ್ರೀಡಾ ಆಹಾರ ತಜ್ಞೆ: ಮೈಗೆ ಶಕ್ತಿ ಮರಳಲು ದಿನಗಳು, ವಾರಗಳು ಸಾಕು. ಮುಟ್ಟಿಗೆ ತಿಂಗಳುಗಳು. ಎಲುಬಿಗೆ ವರ್ಷಗಳೇ ಬೇಕಾಗಬಹುದು, ಪೂರ್ತಿ ಮರಳುತ್ತದೆಯೇ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಮೀಟ್ ಬಿಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಮಾಜಿ ಅಥ್ಲೆಟಿಕ್ಸ್ ಕೋಚ್: ಕಾಲು ಕೂಡಿದೆ ಅಂತ ವೈದ್ಯರು ಹೇಳಿದರೆ ಓಡಿಸಬಹುದು ಅಂತ ನನಗೆ ಈಗಲೂ ಅನಿಸುತ್ತದೆ ಮೇಡಂ.

ಕ್ರೀಡಾ ಆಹಾರ ತಜ್ಞೆ: ಕಾಲು ಕೂಡಿದರೆ ಸಾಲದು ಸರ್, ಬಿರುಕಿಗೆ ಕಾರಣವಾದದ್ದು ಹಾಗೇ ಉಳಿದಿರುತ್ತದೆ. ಅಮ್ಮ, ರಕ್ತಪರೀಕ್ಷೆಯ ವರದಿ ಬಂದ ಮೇಲೆ ಇಲ್ಲಿ ಹಾಕಬೇಡಿ, ನನಗೆ ಬೇರೆಯಾಗಿ ಕಳಿಸಿ. ಮಗಳ ಈಗಿನ ಕೋಚ್ ಜೊತೆ ಬೇಕಿದ್ದರೆ ನಾನೇ ಮಾತಾಡುತ್ತೇನೆ, ಆದರೆ ಮೊದಲು ಅವಳ ಒಪ್ಪಿಗೆ ಕೇಳಿ.